ಮಕ್ಕಳ ಫೋಟೊ, ಮನೆಯವರ ಸ್ಟೇಟಸ್: ದಾವಣಗೆರೆ-ಚಿತ್ರದುರ್ಗದ ಪೋಷಕರು ಮತ್ತು ಹದಿಹರೆಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಪೋಷಕರ ಸಭೆಗಳಲ್ಲಿ, ಪತ್ರಗಳಲ್ಲಿ, ಮಾತಿನ ನಡುವೆ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಹೈಸ್ಕೂಲು, ಪಿಯುಸಿ ಓದುವ ಮಕ್ಕಳ ಫೋಟೊ, ಅಂಕ, ಮಾತುಗಳನ್ನು ಯಾರು, ಯಾರಿಗೆ, ಯಾರನ್ನು ಕೇಳಿ ತೋರಿಸಬೇಕು ಎನ್ನುವುದು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ.

## ಮೊದಲು ಕೇಳುವವು

ನಾನು ಹೆತ್ತ ಮಗಳು. ಅವಳ ಫೋಟೊ ಹಾಕೋಕೆ ಅವಳನ್ನೇ ಕೇಳ್ಬೇಕಾ?

ಕಾನೂನು ನಿಮ್ಮನ್ನು ತಡೆಯುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿ ಬಳಸುವ ಕಂಪನಿ ಮತ್ತು ಸಂಸ್ಥೆಗಳು ಪೋಷಕರ ಒಪ್ಪಿಗೆ ಪಡೆಯಬೇಕು ಎನ್ನುತ್ತದೆ. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಕೆಲಸಕ್ಕೆ ಮಾಡುವುದಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಅಂದರೆ ಕಾಯ್ದೆ ಕಾವಲಿನ ಕೆಲಸವನ್ನು ನಿಮ್ಮ ಕೈಗೇ ಕೊಟ್ಟಿದೆ. ಕಾವಲಿನವರೇ ಬಾಗಿಲು ತೆರೆದಿಟ್ಟರೆ ಮಗುವಿಗೆ ಹೇಳಿಕೊಳ್ಳಲು ಬೇರೆ ಜಾಗವಿಲ್ಲ. ನಮ್ಮ ಪ್ರಕಾರ ಕೇಳಬೇಕಾದ ಮುಖ್ಯ ಕಾರಣವೇ ಇದು.

ಐದು ವರ್ಷದ ಮಗುವಿನ ಫೋಟೊ ನೋಡುವವರು ನಿಮ್ಮ ಬಳಗ ಮಾತ್ರ. ಹದಿನೈದರ ಹುಡುಗಿಯ ಫೋಟೊವನ್ನು ಅವಳ ತರಗತಿಯವರೂ ನೋಡುತ್ತಾರೆ, ಏಕೆಂದರೆ ಅವರ ಅಪ್ಪ-ಅಮ್ಮಂದಿರ ನಂಬರು ನಿಮ್ಮ ಫೋನಿನಲ್ಲಿದೆ. ನಿಮಗೆ ಮುದ್ದಾಗಿ ಕಂಡದ್ದು ಅಲ್ಲಿ ಅಡ್ಡಹೆಸರಾಗಬಹುದು. ಕೇಳುವುದೆಂದರೆ ದೊಡ್ಡ ಪಂಚಾಯ್ತಿಯಲ್ಲ. ಫೋಟೊ ತೋರಿಸಿ "ಇದನ್ನ ಫ್ಯಾಮಿಲಿ ಗ್ರೂಪಿಗೆ ಹಾಕ್ಲಾ, ಸ್ಟೇಟಸ್‌ಗೂ ಹಾಕ್ಲಾ?" ಎಂದರೆ ಆಯಿತು. ಎರಡನ್ನೂ ಬೇರೆಬೇರೆಯಾಗಿ ಕೇಳಿ. ಅಜ್ಜಿಗೆ ಕಳಿಸಲು ಒಪ್ಪುವ ಮಗು ಬಡಾವಣೆಯ ಗ್ರೂಪಿಗೆ ಬೇಡ ಎನ್ನಬಹುದು, ಮತ್ತು ಆ ಎರಡು ಉತ್ತರಗಳಲ್ಲಿ ಯಾವ ಗೊಂದಲವೂ ಇಲ್ಲ.

ಸ್ಟೇಟಸ್ 24 ಗಂಟೆಗೆ ತಾನೇ ಹೋಗುತ್ತಲ್ಲ, ಅದರಲ್ಲೇನು ತೊಂದರೆ?

ಹೋಗುವುದು ನಿಮ್ಮ ಸ್ಟೇಟಸ್, ನೋಡಿದವರು ತೆಗೆದುಕೊಂಡ ಸ್ಕ್ರೀನ್‌ಶಾಟ್ ಅಲ್ಲ. ಸ್ಕ್ರೀನ್‌ಶಾಟ್ ತೆಗೆದರೆ ವಾಟ್ಸ್‌ಆ್ಯಪ್ ನಿಮಗೆ ತಿಳಿಸುವುದೂ ಇಲ್ಲ.

ಒಮ್ಮೆ ನಿಮ್ಮ ಕಾಂಟ್ಯಾಕ್ಟ್ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ. ಗ್ಯಾಸ್ ತಂದುಕೊಡುವವರು, ಎರಡು ವರ್ಷದ ಹಿಂದೆ ಬೋರ್‌ವೆಲ್ ರಿಪೇರಿಗೆ ಬಂದವರು, ಎಪಿಎಂಸಿಯಲ್ಲಿ ಒಮ್ಮೆ ವ್ಯಾಪಾರ ಮಾಡಿದವರು, ಸೈಟ್ ತೋರಿಸಿದ ಬ್ರೋಕರ್. ಇವರಲ್ಲಿ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡಿರುವ ಎಲ್ಲರಿಗೂ ನಿಮ್ಮ ಸ್ಟೇಟಸ್ ಕಾಣುತ್ತದೆ. ಅವರು ಕೆಟ್ಟವರೆಂದಲ್ಲ. ಮಗಳ ಫೋಟೊ ಇವರಿಗೂ ತೋರಿಸುತ್ತಿದ್ದೇನೆ ಎಂದು ನೀವು ಎಣಿಸಿರಲಿಲ್ಲ, ಅಷ್ಟೆ.

ಸರಿಪಡಿಸಲು ವಾಟ್ಸ್‌ಆ್ಯಪ್‌ನಲ್ಲಿ Settings > Privacy > Status ಗೆ ಹೋಗಿ. ಅಲ್ಲಿ ಮೂರು ಆಯ್ಕೆಗಳಿವೆ. My contacts except… ಒತ್ತಿ ಬೇಡದವರನ್ನು ತೆಗೆಯುತ್ತ ಕೂತರೆ ಮುಗಿಯುವುದಿಲ್ಲ, ಹೊಸ ನಂಬರು ಸೇರಿದಾಗಲೆಲ್ಲ ಮತ್ತೆ ತೆಗೆಯಬೇಕು. Only share with… ಒತ್ತಿ ಇಪ್ಪತ್ತೋ ಮೂವತ್ತೋ ಹತ್ತಿರದವರನ್ನು ಆರಿಸಿಡುವುದು ಸುಲಭ. ಈ ಬದಲಾವಣೆ ಮುಂದೆ ಹಾಕುವ ಸ್ಟೇಟಸ್‌ಗೆ ಮಾತ್ರ ಅನ್ವಯಿಸುತ್ತದೆ. ಈಗಾಗಲೇ ಹಾಕಿದ್ದನ್ನು ಕೈಯಾರೆ ಡಿಲೀಟ್ ಮಾಡಬೇಕು.

ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಮಾರ್ಕ್ಸ್ ಬಂದೈತೆ. ರಿಸಲ್ಟ್ ಸ್ಕ್ರೀನ್‌ಶಾಟ್ ಹಾಕಿದ್ರೆ ತಪ್ಪೇನು?

ಸಂತೋಷವನ್ನು ಹಂಚಿಕೊಳ್ಳಿ, ಸ್ಕ್ರೀನ್‌ಶಾಟ್ ಮಾತ್ರ ಬೇಡ. ಕಾರಣವನ್ನು ಒಂದು ಉದಾಹರಣೆಯಲ್ಲಿ ನೋಡೋಣ.

ನಿಟುವಳ್ಳಿಯ ಒಂದು ಮನೆಯ ಹುಡುಗಿಗೆ 625ಕ್ಕೆ 571 ಬಂತು ಎಂದಿಟ್ಟುಕೊಳ್ಳಿ. ಅಪ್ಪ ಫಲಿತಾಂಶದ ಪುಟವನ್ನು ಹಾಗೇ ಸ್ಕ್ರೀನ್‌ಶಾಟ್ ತೆಗೆದು ನೆಂಟರ ಗ್ರೂಪ್, ಅಂಗಡಿಯವರ ಗ್ರೂಪ್, ಬಡಾವಣೆಯ ಗ್ರೂಪ್ ಮೂರಕ್ಕೂ ಹಾಕಿದರು. ಅದರಲ್ಲಿ ಹುಡುಗಿಯ ಪೂರ್ತಿ ಹೆಸರು ಮತ್ತು ನೋಂದಣಿ ಸಂಖ್ಯೆ ಇದೆ. ಕೆಲವು ತಿಂಗಳ ಹಿಂದೆ ಅಮ್ಮ ಇವುಗಳಲ್ಲೇ ಒಂದು ಗ್ರೂಪಿಗೆ ಕೇಕಿನ ಫೋಟೊ ಹಾಕಿ "ಇವತ್ತಿಗೆ ನಮ್ಮ ಪುಟ್ಟಿಗೆ 15 ತುಂಬಿತು" ಎಂದು ಬರೆದಿದ್ದರು. ಅಲ್ಲಿಗೆ ಹುಟ್ಟಿದ ದಿನ, ತಿಂಗಳು, ವರ್ಷ ಮೂರೂ ಸಿಕ್ಕವು. ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಲು karresults.nic.in ಕೇಳುವುದು ಇವೇ ಎರಡನ್ನು: ನೋಂದಣಿ ಸಂಖ್ಯೆ ಮತ್ತು ಹುಟ್ಟಿದ ದಿನಾಂಕ.

ಅಂಕವೇನೋ ಅಪ್ಪನೇ ತೋರಿಸಿಯಾಗಿದೆ. ತೊಂದರೆ ಮುಂದಿನದು. ವಾರದ ನಂತರ ಅಪ್ಪನಿಗೆ ಒಂದು ಕರೆ ಬರುತ್ತದೆ: "ನಿಮ್ಮ ಮಗಳಿಗೆ ವಿದ್ಯಾರ್ಥಿವೇತನ ಬಂದಿದೆ." ಮಗಳ ಹೆಸರು, ನೋಂದಣಿ ಸಂಖ್ಯೆ, ಗಣಿತದಲ್ಲಿ ಬಂದ ಅಂಕ ಎಲ್ಲವನ್ನೂ ಕರೆ ಮಾಡಿದವನು ಸರಿಯಾಗಿ ಹೇಳುತ್ತಾನೆ. ಇಷ್ಟೆಲ್ಲ ಗೊತ್ತಿರುವವನು ಸರ್ಕಾರಿ ಕಚೇರಿಯವನೇ ಇರಬೇಕೆಂದು ನಂಬಿದ ಮೇಲೆ ಒಟಿಪಿ ಕೊಡುವುದು ಒಂದು ಹೆಜ್ಜೆ ಅಷ್ಟೆ. ಮುದ್ರಿತ ಅಂಕಪಟ್ಟಿಯ ಫೋಟೊ ಇನ್ನೂ ಅಪಾಯ. ಅದರಲ್ಲಿ ಹುಟ್ಟಿದ ದಿನಾಂಕ, ತಂದೆ-ತಾಯಿಯ ಹೆಸರು, ಶಾಲೆ ಎಲ್ಲವೂ ಒಂದೇ ಕಾಗದದಲ್ಲಿವೆ.

ಹಾಕಲೇಬೇಕೆಂದರೆ ಒಟ್ಟು ಅಂಕದ ಸಾಲನ್ನಷ್ಟೇ ಕ್ರಾಪ್ ಮಾಡಿ. ಸಂಖ್ಯೆಯ ಮೇಲೆ ಮೊಬೈಲಿನ ಪೆನ್ನಿನಿಂದ ಗೀಚಿ ಮುಚ್ಚುವವರಿದ್ದಾರೆ. ಹೈಲೈಟರ್‌ನಂಥ ಪೆನ್ ಪಾರದರ್ಶಕ, ಫೋಟೊದ ಬೆಳಕು ಹೆಚ್ಚಿಸಿದರೆ ಕೆಳಗಿನ ಅಂಕಿ ಕಾಣುತ್ತದೆ. ಎಲ್ಲಕ್ಕಿಂತ ಸುಲಭ, "ಮಗಳು ಫಸ್ಟ್ ಕ್ಲಾಸಲ್ಲಿ ಪಾಸಾದಳು" ಎಂದು ಬರೆದು, ಅವಳು ಒಪ್ಪಿದರೆ ಬೆಣ್ಣೆದೋಸೆ ತಿನ್ನುತ್ತಿರುವ ಫೋಟೊ ಹಾಕುವುದು. ಇನ್ನೊಂದು ಮಾತು: ಅದೇ ಗ್ರೂಪಿನಲ್ಲಿ 310 ಬಂದ ಮಗುವಿನ ಅಪ್ಪನೂ ಇರುತ್ತಾರೆ, ಆ ಮಗುವನ್ನು ಅವತ್ತು ಸಂಜೆ ಯಾರಾದರೂ "ನಿಂದೆಷ್ಟು?" ಎಂದು ಕೇಳುತ್ತಾರೆ.

## ಮನೆಯೊಳಗಿನ ಜಗ್ಗಾಟ

ಅಮ್ಮ ನಾನು ಮಲಗಿದ್ದ ಫೋಟೊನ ಫ್ಯಾಮಿಲಿ ಗ್ರೂಪಿಗೆ ಹಾಕಿಬಿಟ್ರು. ಡಿಲೀಟ್ ಮಾಡಿ ಅಂದ್ರೆ ಬೇಜಾರು ಮಾಡ್ಕೋತಾರೆ. ಏನ್ ಮಾಡ್ಲಿ?

ಮೊದಲು ಸಮಯ ನೋಡಿ. ಕಳಿಸಿದ ಸಂದೇಶವನ್ನು Delete for everyone ಮಾಡಲು ವಾಟ್ಸ್‌ಆ್ಯಪ್ ಎರಡು ದಿನಕ್ಕಿಂತ ತುಸು ಹೆಚ್ಚು ಅವಕಾಶ ಕೊಡುತ್ತದೆ. ಅಷ್ಟರೊಳಗೆ ಅಮ್ಮನ ಫೋನಿನಿಂದ ಅದನ್ನು ತೆಗೆಸಬೇಕು. ಗ್ರೂಪಿನ ಅಡ್ಮಿನ್ ಚಿಕ್ಕಪ್ಪನಾಗಿದ್ದರೆ ಬೇರೆಯವರು ಹಾಕಿದ್ದನ್ನೂ ಅವರು ಎಲ್ಲರಿಗೂ ಕಾಣದಂತೆ ಅಳಿಸಬಹುದು. ಹಾಗೆ ಅಳಿಸಿದರೂ ಗ್ಯಾಲರಿಗೆ ಇಳಿದ ಪ್ರತಿಗಳು, ಮುಂದಕ್ಕೆ ಹೋದ ಪ್ರತಿಗಳು ಉಳಿಯಬಹುದು. ಆದ್ದರಿಂದ ಯಾರು ಮುಂದೆ ಕಳಿಸಿರಬಹುದೋ ಅವರಿಗೆ ಮಾತ್ರ "ಅತ್ತೆ, ಆ ಫೋಟೊ ತೆಗೆದುಬಿಡ್ರಿ, ನನಗೆ ಮುಜುಗರ ಆಗುತ್ತೆ" ಎಂದು ಬೇರೆಯಾಗಿ ಹೇಳಿ. ಗ್ರೂಪಿನಲ್ಲೇ ಜಗಳ ತೆಗೆದರೆ ನೋಡದೇ ಬಿಟ್ಟಿದ್ದವರೂ ಮೇಲೆ ಹೋಗಿ ನೋಡುತ್ತಾರೆ.

ಅಮ್ಮನ ಹತ್ತಿರ ಮಾತಾಡುವಾಗ "ನನ್ನ ಪ್ರೈವೆಸಿ" ಎಂದು ಶುರು ಮಾಡಿದರೆ ಅದು ಅವರಿಗೆ ದೂರು ಕೇಳಿದಂತಾಗುತ್ತದೆ. ಆದದ್ದನ್ನು ಹೇಳಿ: "ಆ ಗ್ರೂಪಲ್ಲಿ ನಮ್ಮ ಕ್ಲಾಸಿನವನ ಅಮ್ಮ ಅದಾರೆ, ಅವನು ನಾಳೆ ಕ್ಲಾಸಲ್ಲಿ ತೋರಿಸ್ತಾನೆ." ಜೊತೆಗೆ ಬದಲಿ ದಾರಿ ಕೊಡಿ. ನೀವೇ ಆರಿಸಿದ ಎರಡು ಫೋಟೊ ಕಳಿಸಿ "ಇವನ್ನ ಹಾಕಮ್ಮ" ಎನ್ನಿ. ಅಮ್ಮಂದಿರಿಗೆ ಬೇಕಾಗಿರುವುದು ಮಕ್ಕಳನ್ನು ನೆಂಟರಿಗೆ ತೋರಿಸುವ ಖುಷಿ. ನಿರ್ದಿಷ್ಟ ಫೋಟೊವೇ ಬೇಕೆಂಬ ಹಟ ಇರುವುದು ಕಡಿಮೆ.

ಮಗನ ಮೊಬೈಲು ಅವನಿಗೆ ಗೊತ್ತಿಲ್ಲದಂಗೆ ಚೆಕ್ ಮಾಡೋದು ತಪ್ಪಾ? ನಂದು ಕಾಳಜಿ ಅಷ್ಟೆ.

ಕಾಳಜಿಯ ಬಗ್ಗೆ ನಮಗೆ ಅನುಮಾನವಿಲ್ಲ. ಆದರೂ ಕದ್ದು ನೋಡುವುದು ಬೇಡ ಎನ್ನುತ್ತೇವೆ, ಎರಡು ಕಾರಣಕ್ಕೆ.

ಒಂದು, ಅದು ಹೆಚ್ಚು ದಿನ ನಡೆಯುವುದಿಲ್ಲ. ಮಗ ಸ್ನಾನಕ್ಕೆ ಹೋದಾಗ ಅವನ ವಾಟ್ಸ್‌ಆ್ಯಪನ್ನು ತಮ್ಮ ಲ್ಯಾಪ್‌ಟಾಪಿಗೆ ಜೋಡಿಸಿಕೊಳ್ಳುವ ಪೋಷಕರಿದ್ದಾರೆ. ಅವನು ವಾಟ್ಸ್‌ಆ್ಯಪ್‌ನಲ್ಲಿ Linked devices ತೆರೆದ ದಿನ ಆ ಲ್ಯಾಪ್‌ಟಾಪ್ ಹೆಸರು ಕಾಣುತ್ತದೆ. ಆಮೇಲೆ ಅವನು ಜಗಳಕ್ಕೆ ಬರುವುದಿಲ್ಲ, ನಿಮಗೆ ಗೊತ್ತಿಲ್ಲದ ಎರಡನೇ ಖಾತೆ ತೆರೆಯುತ್ತಾನೆ. ನಿಜವಾದ ಅಪಾಯ ಬಂದಾಗ ಅದು ಬರುವುದು ಆ ಎರಡನೇ ಖಾತೆಗೆ. ಎರಡು, ಅವನ ಫೋನಿನಲ್ಲಿರುವುದು ಅವನೊಬ್ಬನ ಮಾತಲ್ಲ. ಮನೆಯ ಕಷ್ಟವನ್ನೋ ದೇಹದ ಬಗೆಗಿನ ಭಯವನ್ನೋ ಅವನಲ್ಲಿ ಹೇಳಿಕೊಂಡ ಗೆಳೆಯನ ಮಾತೂ ಅಲ್ಲಿದೆ. ಆ ಮಗು ನಿಮ್ಮನ್ನು ನಂಬಿ ಬರೆದಿರಲಿಲ್ಲ.

ಬದಲಿಗೆ ಏನು ನೋಡುತ್ತೇವೆ, ಏನು ನೋಡುವುದಿಲ್ಲ ಎಂದು ಮೊದಲೇ ಹೇಳಿ. ಇನ್‌ಸ್ಟಾಗ್ರಾಂ 2025ರ ಆರಂಭದಲ್ಲಿ ಭಾರತದಲ್ಲಿ ತಂದ ಹದಿಹರೆಯದವರ ಖಾತೆಗಳಿಗೆ ಪೋಷಕರ ಮೇಲ್ವಿಚಾರಣೆಯ ಸೌಲಭ್ಯವಿದೆ. ಮಗ ನಿಮ್ಮ ಆಹ್ವಾನವನ್ನು ಒಪ್ಪಬೇಕು. ಒಪ್ಪಿದ ಮೇಲೆ ಕಳೆದ ಏಳು ದಿನದಲ್ಲಿ ಅವನು ಯಾರ ಜೊತೆ ಸಂದೇಶ ನಡೆಸಿದ ಎನ್ನುವುದು ನಿಮಗೆ ಕಾಣುತ್ತದೆ, ಸಂದೇಶದಲ್ಲಿ ಏನಿದೆ ಎನ್ನುವುದು ಕಾಣುವುದಿಲ್ಲ. ಹದಿನಾಲ್ಕು ಹದಿನೈದರ ವಯಸ್ಸಿಗೆ ಇದು ನ್ಯಾಯವಾದ ಗಡಿ ಎಂದು ನಮ್ಮ ಅಭಿಪ್ರಾಯ. ಈ ಖಾತೆಗಳು ಮೊದಲಿನಿಂದಲೇ ಖಾಸಗಿಯಾಗಿರುತ್ತವೆ, 16 ತುಂಬದವರು ಆ ಬಿಗಿ ಸಡಿಲಿಸಲು ಪೋಷಕರ ಒಪ್ಪಿಗೆ ಬೇಕು. ಆದರೆ ಹುಟ್ಟಿದ ವರ್ಷವನ್ನು ಸುಳ್ಳು ಕೊಟ್ಟು 18 ಎಂದು ತೋರಿಸಿದ್ದರೆ ಇದ್ಯಾವುದೂ ಸಿಗದೇ ಹೋಗಬಹುದು. ಖಾತೆಯಲ್ಲಿ ಯಾವ ವರ್ಷ ಕೊಟ್ಟಿದ್ದಾನೆ ಎಂದು ಮೊದಲು ಅವನ ಜೊತೆ ಕೂತು ನೋಡಿ.

ಹೇಳಿಯೇ ಫೋನ್ ನೋಡಬೇಕಾದ ಸಂದರ್ಭಗಳೂ ಇವೆ. ಊಟ-ನಿದ್ದೆ ತಟ್ಟನೆ ಕೆಟ್ಟರೆ, ಫೋನ್ ಸದ್ದಾದಾಗ ಮುಖ ಬಿಳಿಚಿಕೊಂಡರೆ, ಕಾರಣ ಹೇಳದೆ ದುಡ್ಡು ಕೇಳಿದರೆ, ಬದುಕೇ ಬೇಡ ಎಂಬ ಮಾತು ಬಂದರೆ ಕಾಯಬೇಡಿ. "ನಿನಗೆ ಯಾರೋ ತೊಂದ್ರೆ ಕೊಡ್ತಿದ್ದಾರೆ ಅನ್ಸುತ್ತೆ, ಇಬ್ರೂ ಸೇರಿ ನೋಡೋಣ" ಎಂದು ಅವನ ಎದುರೇ ತೆರೆಯಿರಿ.

ಟ್ಯೂಷನ್‌ನವರು ಮಗಳ ಫೋಟೊ ಫ್ಲೆಕ್ಸ್‌ಗೂ ಫೇಸ್‌ಬುಕ್‌ಗೂ ಹಾಕ್ತಾರಂತೆ. ಬೇಡ ಅಂತ ಹೇಳ್ಬೋದಾ?

ಹೇಳಬಹುದು. ಮೊದಲ ಉತ್ತರದಲ್ಲಿ ಹೇಳಿದ ದತ್ತಾಂಶ ಕಾಯ್ದೆಯಲ್ಲಿ ಮನೆಯವರಿಗಿರುವ ವಿನಾಯಿತಿ ಸಂಸ್ಥೆಗಳಿಗಿಲ್ಲ. ಫಲಿತಾಂಶದ ಮರುದಿನ ವಿದ್ಯಾನಗರದ ಉದ್ದಕ್ಕೂ ಎದ್ದು ನಿಲ್ಲುವ ಫ್ಲೆಕ್ಸ್‌ಗಳಲ್ಲಿ ಮುಖ, ಹೆಸರು, ಅಂಕ, ಊರು ಒಟ್ಟಿಗೇ ಇರುತ್ತವೆ, ಅದರ ಫೋಟೊ ಇಂಟರ್‌ನೆಟ್ಟಿಗೂ ಹೋಗುತ್ತದೆ. ಆ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಒಪ್ಪಿಗೆಗೆ ಸಂಬಂಧಿಸಿದ ಹೆಚ್ಚಿನ ಭಾಗಗಳಿಗೆ 18 ತಿಂಗಳ ಕಾಲಾವಕಾಶವಿದೆ. ಅಲ್ಲಿವರೆಗೆ ಕಾಯುವ ಅಗತ್ಯವಿಲ್ಲ, ಲಿಖಿತ ಮನವಿಯನ್ನು ಬಹಳಷ್ಟು ಸಂಸ್ಥೆಗಳು ಒಪ್ಪುತ್ತವೆ. ಬಾಯಿಮಾತಿನಲ್ಲಿ ಹೇಳಿದ್ದು ಫ್ಲೆಕ್ಸ್ ಪ್ರಿಂಟ್ ಮಾಡಿಸುವವರ ಕಿವಿಗೆ ತಲುಪುವುದಿಲ್ಲ. ಪ್ರವೇಶದ ಸಮಯದಲ್ಲೇ ಹೀಗೆ ಬರೆದು ಕೊಟ್ಟು ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ:

"ನನ್ನ ಮಗಳ ಫೋಟೊ, ಹೆಸರು ಮತ್ತು ಅಂಕಗಳನ್ನು ಫ್ಲೆಕ್ಸ್, ಪತ್ರಿಕಾ ಜಾಹೀರಾತು, ಸಾಮಾಜಿಕ ಜಾಲತಾಣಗಳಲ್ಲಿ ಪ್ರಚಾರಕ್ಕೆ ಬಳಸಲು ನನ್ನ ಮತ್ತು ಅವಳ ಒಪ್ಪಿಗೆ ಇಲ್ಲ. ತರಗತಿಯ ದಾಖಲೆಗೆ ಬಳಸಲು ಅಭ್ಯಂತರವಿಲ್ಲ. ಪ್ರಚಾರಕ್ಕೆ ಬಳಸುವುದಾದರೆ ಪ್ರತಿ ಬಾರಿಯೂ ಮೊದಲು ಕೇಳಬೇಕೆಂದು ವಿನಂತಿ."

ಮಗಳಿಗೇ ಫ್ಲೆಕ್ಸಿನಲ್ಲಿ ಬರುವ ಆಸೆ ಇರಬಹುದು. ಆಗ ಅವಳ ಮಾತಿಗೆ ಬೆಲೆ ಕೊಡಿ, ನೋಂದಣಿ ಸಂಖ್ಯೆಯೊಂದನ್ನು ಬಿಡಲು ಹೇಳಿ.

## ಕಷ್ಟದ ಪ್ರಶ್ನೆಗಳು

ಮಗಳ ಫೋಟೊ ಎಡಿಟ್ ಮಾಡಿ ಬೆತ್ತಲೆ ಮಾಡಿದ್ದಾರೆ, ದುಡ್ಡು ಕೊಡದಿದ್ರೆ ಎಲ್ರಿಗೂ ಕಳಿಸ್ತೀವಿ ಅಂತಿದ್ದಾರೆ. ಮೊದಲು ಏನ್ ಮಾಡ್ಬೇಕು?

ಮೊದಲು ಮಗಳ ಪಕ್ಕ ಕೂತು "ನಿನ್ನ ತಪ್ಪಿಲ್ಲ, ನಾವಿದ್ದೀವಿ" ಎನ್ನಿ. ಬೆದರಿಸುವವನ ಕೈಯಲ್ಲಿರುವ ಒಂದೇ ಅಸ್ತ್ರ "ಮನೆಯವರಿಗೆ ಗೊತ್ತಾಗುತ್ತೆ" ಎಂಬ ಭಯ. ನಿಮಗೆ ಗೊತ್ತಾಗಿ, ನೀವು ಅವಳ ಕಡೆ ನಿಂತ ಕ್ಷಣಕ್ಕೆ ಅದರ ಅರ್ಧ ಶಕ್ತಿ ಹೋಗುತ್ತದೆ. ಬೈದರೆ ಉಳಿದ ವಿವರಗಳನ್ನು ಅವಳು ಮುಚ್ಚಿಡುತ್ತಾಳೆ.

ದುಡ್ಡು ಕೊಡಬೇಡಿ. ಕೊಟ್ಟವರು ಮತ್ತೆ ಕೊಡುತ್ತಾರೆಂದು ಅವನಿಗೆ ಗೊತ್ತಾಗುತ್ತದೆ. ಚಾಟನ್ನು ಅಳಿಸಬೇಡಿ, ಖಾತೆಯನ್ನು ಮುಚ್ಚಬೇಡಿ. ಬೆದರಿಕೆಯ ಮಾತುಗಳು, ಅವನ ಖಾತೆಯ ಹೆಸರು, ಪ್ರೊಫೈಲ್ ಕೊಂಡಿ, ಫೋನ್ ನಂಬರು ಅಥವಾ ಯುಪಿಐ ಐಡಿ, ದಿನ-ಸಮಯ ಇವುಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಬ್ಲಾಕ್ ಮಾಡಿ.

ಇಲ್ಲಿ ಬಹಳ ಜನ ಎಡವುತ್ತಾರೆ: ಸಾಕ್ಷಿಗೆಂದು ಆ ಚಿತ್ರವನ್ನೇ ಮಾವನಿಗೆ, ಪರಿಚಯದ ವಕೀಲರಿಗೆ, ಬಡಾವಣೆಯ ಮುಖಂಡರಿಗೆ ವಾಟ್ಸ್‌ಆ್ಯಪ್ ಮಾಡುತ್ತಾರೆ. 18 ತುಂಬದವರ ಲೈಂಗಿಕ ಚಿತ್ರವನ್ನು ಮುಂದಕ್ಕೆ ಕಳಿಸುವುದೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಪ್ರಕಾರ ಅಪರಾಧ, ಮೊದಲ ಬಾರಿಗೇ ಐದು ವರ್ಷದವರೆಗೆ ಜೈಲಾಗಬಹುದು. ಚಿತ್ರ ಇದ್ದ ಫೋನಿನಲ್ಲೇ ಇರಲಿ, ಪೊಲೀಸರಿಗೆ ಆ ಫೋನನ್ನೇ ತೋರಿಸಿ.

ಚಿತ್ರ ಹರಡುವುದನ್ನು ತಡೆಯಲು takeitdown.ncmec.org ಎಂಬ ಉಚಿತ ಸೇವೆ ಇದೆ. 18 ತುಂಬುವ ಮೊದಲಿನ ಚಿತ್ರಗಳಿಗೆ ಇದು. ಚಿತ್ರ ನಿಮ್ಮ ಫೋನಿನಿಂದ ಹೊರಗೆ ಹೋಗುವುದಿಲ್ಲ, ಅದರ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಹೋಗುತ್ತದೆ. ಸೇವೆಗೆ ಸೇರಿದ ಜಾಲತಾಣಗಳು ಅದೇ ಸಂಕೇತದ ಚಿತ್ರ ಕಂಡರೆ ತೆಗೆಯುತ್ತವೆ. ವಾಟ್ಸ್‌ಆ್ಯಪ್‌ನಂಥ ಗೂಢಲಿಪಿಯ ಖಾಸಗಿ ಸಂದೇಶಗಳೊಳಗೆ ಇದು ಕೆಲಸ ಮಾಡದು. ಜೊತೆಗೆ ಆ ಆ್ಯಪಿನ ಒಳಗೇ ರಿಪೋರ್ಟ್ ಮಾಡಿ.

ದೂರನ್ನು cybercrime.gov.in ನಲ್ಲಿ ಮಹಿಳೆ ಮತ್ತು ಮಕ್ಕಳ ವಿಭಾಗದಲ್ಲಿ ಕೊಡಬಹುದು, ಹೆಸರು ಹೇಳದೆಯೂ ಕೊಡಬಹುದು. ಆದರೆ ತನಿಖೆ ಮುಂದುವರಿಯಬೇಕೆಂದರೆ ಹೆಸರು ಕೊಟ್ಟು, ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗುವುದು ಒಳ್ಳೆಯದು. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಗುವಿಗೆ ಆಸರೆ ಬೇಕಿದ್ದರೆ ಮಕ್ಕಳ ಸಹಾಯವಾಣಿ 1098.

"ಊರಿಗೆಲ್ಲ ಗೊತ್ತಾಗುತ್ತೆ" ಎಂಬ ಹೆದರಿಕೆಯಿಂದ ಎಷ್ಟೋ ಮನೆಗಳು ಇಲ್ಲಿಗೇ ನಿಲ್ಲುತ್ತವೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯಡಿ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೊ ಯಾವುದನ್ನೂ ಮಾಧ್ಯಮದವರು ಪ್ರಕಟಿಸುವಂತಿಲ್ಲ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಇದನ್ನು ಠಾಣೆಯಲ್ಲಿ ಕೇಳುವ ಹಕ್ಕು ನಿಮಗಿದೆ.

ಅಂಥ ಫೋಟೊ ಹಂಚಿದವನು ನಮ್ಮ ಮಗನೇ ಅಂತ ಗೊತ್ತಾದ್ರೆ?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು, ಕೇಳುವವರು ದನಿ ತಗ್ಗಿಸಿಯೇ ಕೇಳುತ್ತಾರೆ. ಮೊದಲು ಹೊಳೆಯುವುದು ಫೋನನ್ನು ರೀಸೆಟ್ ಮಾಡಿಬಿಡೋಣ ಎನ್ನುವುದು. ಮಾಡಬೇಡಿ. ಅವನು ಕಳಿಸಿದ್ದು ಉಳಿದವರ ಫೋನುಗಳಲ್ಲಿ ಇದ್ದೇ ಇದೆ, ಅಳಿಸಿದ್ದು ಸಾಕ್ಷ್ಯನಾಶ ಎಂಬ ಇನ್ನೊಂದು ತಪ್ಪಾಗುತ್ತದೆ. ಫೋನನ್ನು ಆಫ್ ಮಾಡಿ ಎತ್ತಿಟ್ಟು ಅದೇ ದಿನ ಒಬ್ಬ ವಕೀಲರನ್ನು ಕಾಣಿರಿ. ಚಿತ್ರ ಲೈಂಗಿಕವಾಗಿದ್ದರೆ ಪೋಕ್ಸೊ ಪ್ರಕಾರ ಗೊತ್ತಿರುವ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು, ಪೋಷಕರಿಗೂ ವಿನಾಯಿತಿ ಇಲ್ಲ.

18 ತುಂಬದ ಹುಡುಗನ ಪ್ರಕರಣ ಮಾಮೂಲಿ ನ್ಯಾಯಾಲಯಕ್ಕಲ್ಲ, ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ಅವನ ಗುರುತನ್ನೂ ಪ್ರಕಟಿಸುವಂತಿಲ್ಲ. ಇದನ್ನು ಅವನಿಗೆ ಹೇಳಿ, ಆಮೇಲೆ ಯಾರ್ಯಾರಿಗೆ ಕಳಿಸಿದ ಎಂದು ಕೇಳಿ ಹೆಸರು ಬರೆದುಕೊಳ್ಳಿ. ಹುಡುಗಿಗೆ ಈಗ ಅತಿ ಹೆಚ್ಚು ಬೇಕಾಗಿರುವುದು ಆ ಪಟ್ಟಿ, ಅದರಿಂದಲೇ ಹರಡುವುದನ್ನು ನಿಲ್ಲಿಸಲು ಸಾಧ್ಯ. ಆದರೆ ಆ ಮನೆಗೆ ನೇರವಾಗಿ ಹೋಗಿ ಕಾಲಿಗೆ ಬಿದ್ದು ರಾಜಿ ಮಾಡಿಕೊಳ್ಳಲು ಹೊರಡಬೇಡಿ. ಹಿರಿಯರು ಸೇರಿ ಮಾತಿನಲ್ಲಿ ಮುಗಿಸಿದ ಮೇಲೆ ಬೀದಿಯಲ್ಲಿ ದಿನಾ ಅವನ ಮುಖ ನೋಡಬೇಕಾಗುವುದು ಆ ಹುಡುಗಿ, ಮತ್ತು ಅವಳನ್ನು ಯಾರೂ ಕೇಳಿರುವುದಿಲ್ಲ.

ಹತ್ತು ವರ್ಷದಿಂದ ಫೇಸ್‌ಬುಕ್‌ನಲ್ಲಿ ಹಾಕಿದ್ದೇ ಹಾಕಿದ್ದು. ಈಗ ಮಗಳು ಎಲ್ಲ ತೆಗೀರಿ ಅಂತಾಳೆ. ಹೆಂಗೆ?

ಒಂದೊಂದಾಗಿ ತೆಗೆಯುವ ಮುನ್ನ ಬಾಗಿಲು ಹಾಕಿ. ಫೇಸ್‌ಬುಕ್ ಸೆಟ್ಟಿಂಗ್ಸ್‌ನಲ್ಲಿ Limit past posts ಎಂಬುದಿದೆ. ಅದನ್ನು ಒತ್ತಿದರೆ ಎಲ್ಲರಿಗೂ ಕಾಣುತ್ತಿದ್ದ ಹಳೆಯ ಪೋಸ್ಟ್‌ಗಳೆಲ್ಲ ಒಂದೇ ಸಲಕ್ಕೆ ಸ್ನೇಹಿತರಿಗಷ್ಟೇ ಕಾಣುವಂತಾಗುತ್ತವೆ. ನಂತರ ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಕೂತು Activity log ತೆರೆದು ವರ್ಷದ ಪ್ರಕಾರ ನೋಡುತ್ತ ಬನ್ನಿ. ಸ್ನಾನದ, ಬಟ್ಟೆಯಿಲ್ಲದ ಮಗುವಿನ ಫೋಟೊಗಳನ್ನು ಅವಳನ್ನು ಕೇಳದೆಯೇ ಮೊದಲು ತೆಗೆಯಿರಿ. ನಂತರ ಶಾಲೆಯ ಹೆಸರು, ಸಮವಸ್ತ್ರ, ಮನೆಯ ಗೇಟು, ಹುಟ್ಟುಹಬ್ಬದ ದಿನ ಇರುವಂಥವು. ಉಳಿದವನ್ನು ಅವಳು ಇರಲಿ ಎಂದರೆ ಇಡಿ. ಚಂದ್ರವಳ್ಳಿಯ ಕೆರೆ ಮುಂದೆ ಹಲ್ಲುಬಿದ್ದ ಬಾಯಲ್ಲಿ ನಗುವ ಫೋಟೊವನ್ನು ಅವಳೇ ಉಳಿಸಿಕೊಳ್ಳಬಹುದು. ಅಳಿಸುವ ಮುನ್ನ ಎಲ್ಲವನ್ನೂ ಒಂದು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ.

ಬೇರೆಯವರು ಹಾಕಿದ ಫೋಟೊ ಗೂಗಲ್ ಹುಡುಕಾಟದಲ್ಲಿ ಬರುತ್ತಿದ್ದರೆ, 18 ತುಂಬದವರ ಚಿತ್ರ ತೆಗೆಯಲು ಮಗುವೇ ಅಥವಾ ಪೋಷಕರು ಗೂಗಲ್‌ಗೆ ಮನವಿ ಕೊಡಬಹುದು. ಚಿತ್ರವಿರುವ ಪುಟದ ಕೊಂಡಿಯನ್ನೂ ಹುಡುಕಾಟದ ಪುಟದ ಕೊಂಡಿಯನ್ನೂ ಅಲ್ಲಿ ಕೇಳುತ್ತಾರೆ. ಮನವಿ ಒಪ್ಪಿದರೆ ಹುಡುಕಾಟದಲ್ಲಿ ಚಿತ್ರ ಕಾಣುವುದು ನಿಲ್ಲುತ್ತದೆ. ಮೂಲ ಪುಟದಿಂದ ತೆಗೆಸಲು ಆ ಪುಟದವರಿಗೇ ಬರೆಯಬೇಕು.